ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ಶುಗರ್ ಇಳಿಯುತ್ತಾ? ಬೆಲ್ಲ, ಜ್ಯೂಸ್, ಶುಗರ್‌ಫ್ರೀ ಮಾತ್ರೆ: ಮಧುಮೇಹಿಗಳಿಗೆ ಯಾವುದು ಎಷ್ಟು ಸುರಕ್ಷಿತ?

ಮನೆಯಲ್ಲಿ ಯಾರಿಗಾದರೂ ಮಧುಮೇಹ ಇದೆ ಎಂದು ಗೊತ್ತಾದ ದಿನ ಅಡುಗೆಮನೆಯಲ್ಲಿ ಮೊದಲು ಆಗುವ ಬದಲಾವಣೆ ಒಂದೇ. ಸಕ್ಕರೆ ಡಬ್ಬ ಮೇಲಿನ ಕಪಾಟಿಗೆ ಹೋಗುತ್ತದೆ, ಅದರ ಜಾಗಕ್ಕೆ ಬೆಲ್ಲದ ಪುಡಿ ಬರುತ್ತದೆ. ಬೆಳಗಿನ ವಾಕಿಂಗ್ ಮುಗಿಸಿ ಬರುವಾಗ ಚಹಾ ಬದಲು ಒಂದು ಲೋಟ ಮೋಸಂಬಿ ಜ್ಯೂಸ್. ಹಬ್ಬಕ್ಕೆ 'ಶುಗರ್‌ಫ್ರೀ' ಎಂದು ಬರೆದ ಬರ್ಫಿ. ಮೂರು ತಿಂಗಳ ನಂತರ ರಕ್ತಪರೀಕ್ಷೆ ಮಾಡಿಸಿದರೆ ವರದಿಯಲ್ಲಿ ಅಂಕಿ ಇದ್ದಲ್ಲೇ ಇರುತ್ತದೆ, ಕೆಲವೊಮ್ಮೆ ಏರಿರುತ್ತದೆ. 'ಸಕ್ಕರೆ ಮುಟ್ಟಿಯೇ ಇಲ್ಲವಲ್ಲ, ಹೀಗೇಕಾಯ್ತು?' ಎಂಬ ಪ್ರಶ್ನೆ ಆಗ ಏಳುತ್ತದೆ.

ಉತ್ತರ ಸಕ್ಕರೆ ಡಬ್ಬದಲ್ಲಿಲ್ಲ, ಅದರ ಬದಲಿಗೆ ಬಂದ ಪದಾರ್ಥಗಳಲ್ಲಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ಇವರಲ್ಲಿ ಬಹಳಷ್ಟು ಜನ ದಿನವೂ ಎದುರಿಸುವ ಈ ಮೂರು ಆಯ್ಕೆಗಳು ದೇಹದೊಳಗೆ ಏನು ಮಾಡುತ್ತವೆ, ಯಾವುದು ಯಾವಾಗ ಕೆಲಸಕ್ಕೆ ಬರುತ್ತದೆ, ಯಾವುದು ಯಾವಾಗ ಕೈಕೊಡುತ್ತದೆ ಎಂಬ ವಿವರ ಇಲ್ಲಿದೆ.

ಬೆಲ್ಲ: ಬಣ್ಣ ಬೇರೆ, ಒಳಗಿರುವುದು ಅದೇ

ಆಲೆಮನೆ ನೋಡಿದವರಿಗೆ ಬೆಲ್ಲ ಹೇಗಾಗುತ್ತದೆ ಎಂದು ಹೇಳಬೇಕಿಲ್ಲ. ಗಾಣದಲ್ಲಿ ಕಬ್ಬು ಅರೆದು, ಹಾಲನ್ನು ಕೊಪ್ಪರಿಗೆಗೆ ಸುರಿದು, ಮೇಲೆ ಬರುವ ನೊರೆ ತೆಗೆಯುತ್ತಾ ಕುದಿಸುತ್ತಾರೆ. ನೀರು ಹೋಗಿ ಪಾಕ ಗಟ್ಟಿಯಾದಾಗ ಅಚ್ಚಿಗೆ ಹಾಕುತ್ತಾರೆ. ಸಕ್ಕರೆ ಕಾರ್ಖಾನೆಯಲ್ಲೂ ಶುರುವಾಗುವುದು ಇದೇ ಕಬ್ಬಿನ ಹಾಲಿನಿಂದ. ಅಲ್ಲಿ ಹರಳುಗಟ್ಟಿದ ಸಕ್ಕರೆಯನ್ನು ಯಂತ್ರದಲ್ಲಿ ತಿರುಗಿಸಿ ಕಾಕಂಬಿಯನ್ನು ಬೇರೆ ಮಾಡುತ್ತಾರೆ. ಬೆಲ್ಲದಲ್ಲಿ ಆ ಕಾಕಂಬಿ ಹಾಗೇ ಉಳಿಯುತ್ತದೆ. ಕಂದು ಬಣ್ಣ, ಪರಿಮಳ, ಒಂದಿಷ್ಟು ಖನಿಜ ಎಲ್ಲವೂ ಅದರಿಂದಲೇ.

ಮಧುಮೇಹಿಗೆ ಮುಖ್ಯವಾಗುವುದು ಈ ಕಾಕಂಬಿಯಲ್ಲ, ಉಳಿದ ಭಾಗ. 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅದರ ಬಹುಪಾಲು ಸುಕ್ರೋಸ್, ಅಂದರೆ ಡಬ್ಬದಲ್ಲಿರುವ ಬಿಳಿ ಸಕ್ಕರೆಯೇ. ಉಳಿದದ್ದು ಕುದಿಯುವಾಗ ಈಗಾಗಲೇ ಒಡೆದುಹೋದ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಸುಕ್ರೋಸ್ ಸಣ್ಣಕರುಳಿಗೆ ಬಂದ ಕೂಡಲೇ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗಿ ಒಡೆಯುತ್ತದೆ. ಗ್ಲೂಕೋಸ್ ನೇರ ರಕ್ತ ಸೇರುತ್ತದೆ, ಫ್ರಕ್ಟೋಸ್ ಯಕೃತ್ತಿಗೆ ಹೋಗುತ್ತದೆ. ಆ ಸುಕ್ರೋಸ್ ಬಂದಿದ್ದು ಬೆಲ್ಲದಿಂದಲೋ ಸಕ್ಕರೆಯಿಂದಲೋ ಎಂದು ಕರುಳಿಗೆ ಗೊತ್ತಾಗುವುದಿಲ್ಲ. ಬೆಲ್ಲದಲ್ಲಿ ಸಕ್ಕರೆ ಜೀರ್ಣವಾಗುವುದನ್ನು ನಿಧಾನಿಸುವಷ್ಟು ನಾರಿನಂಶವೂ ಇರುವುದಿಲ್ಲ.

ಕಬ್ಬಿಣಾಂಶದ ಮಾತು? ಬೆಲ್ಲದಲ್ಲಿ ಕಬ್ಬಿಣ ಇರುವುದು ನಿಜ. ಆದರೆ ಕಾಫಿಗೆ ಹಾಕುವ 10 ಗ್ರಾಂನಲ್ಲಿ ಅದು ಒಂದು ಮಿಲಿಗ್ರಾಂ ದಾಟುವುದು ಕಷ್ಟ. ಐಸಿಎಂಆರ್ ಲೆಕ್ಕದಲ್ಲಿ ವಯಸ್ಕ ಪುರುಷರಿಗೆ ದಿನಕ್ಕೆ 19, ಮಹಿಳೆಯರಿಗೆ 29 ಮಿಲಿಗ್ರಾಂ ಬೇಕು. ಅಷ್ಟನ್ನು ಬೆಲ್ಲದಿಂದಲೇ ಪಡೆಯಲು ಹೊರಟರೆ ಜೊತೆಗೆ ಬರುವ ಸಕ್ಕರೆ ಮಧುಮೇಹವಿಲ್ಲದವರಿಗೂ ಹೊರೆಯಾಗುತ್ತದೆ. ಕಬ್ಬಿಣಕ್ಕೆ ಸೊಪ್ಪು, ಕಾಳು ಇವೆ.

ಸಾವಯವ ಬೆಲ್ಲ, ಕಪ್ಪು ಬೆಲ್ಲ, ಮಲೆನಾಡಿನ ಜೋನಿ ಬೆಲ್ಲ, ಮಂಡ್ಯದ ಅಚ್ಚು, ಮುಂಬೈ–ಪುಣೆಯ ಅಂಗಡಿಗಳಲ್ಲಿ ಸಿಗುವ ಕೊಲ್ಹಾಪುರದ ಬೆಲ್ಲ... ಇವುಗಳಲ್ಲಿ ರುಚಿ ಬೇರೆ, ರಾಸಾಯನಿಕ ಹಾಕಿದ್ದಾರೋ ಇಲ್ಲವೋ ಎಂಬುದು ಬೇರೆ. ಆದರೆ ಶುಗರ್ ಏರಿಸುವ ವಿಷಯದಲ್ಲಿ ಎಲ್ಲವೂ ಒಂದೇ ಕುಟುಂಬದವು. ತಾಳೆಬೆಲ್ಲದಲ್ಲೂ ಹೆಚ್ಚಿನ ಪಾಲು ಸುಕ್ರೋಸೇ.

ಬೆಲ್ಲದ ನಿಜವಾದ ಅಪಾಯ ಇರುವುದು ಅದರ ಒಳ್ಳೆಯ ಹೆಸರಿನಲ್ಲಿ. ಸಕ್ಕರೆಯನ್ನು ಅಳೆದು ಹಾಕುವ ಕೈ ಬೆಲ್ಲವನ್ನು ಧಾರಾಳವಾಗಿ ಹಾಕುತ್ತದೆ. ಸಿಹಿ ಸ್ವಲ್ಪ ಕಡಿಮೆ ಅನಿಸುವುದರಿಂದ ಅರ್ಧ ಚಮಚ ಹೆಚ್ಚೇ ಬೀಳುತ್ತದೆ. ಊಟದ ನಂತರ ಬಾಯಿಗೆ ಒಂದು ತುಂಡು ಹಾಕಿಕೊಂಡರೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಜ್ಯೂಸ್: ಹಣ್ಣಿನ ಹೆಸರು, ಸಕ್ಕರೆ ನೀರಿನ ವೇಗ

ಕಿತ್ತಳೆ ಹಣ್ಣಿನಲ್ಲೂ ಸಕ್ಕರೆ ಇದೆ. ಮಧ್ಯಮ ಗಾತ್ರದ ಒಂದು ಹಣ್ಣಿನಲ್ಲಿ 10ರಿಂದ 12 ಗ್ರಾಂ. ಆದರೆ ಆ ಸಕ್ಕರೆ ಹಣ್ಣಿನ ಜೀವಕೋಶಗಳ ಒಳಗೆ, ನಾರಿನ ಗೋಡೆಗಳ ನಡುವೆ ಇರುತ್ತದೆ. ತೊಳೆ ಬಿಡಿಸಿ, ಅಗಿದು, ನುಂಗಿ, ಜಠರದಲ್ಲಿ ಕರಗಿ ಹೊರಬರಲು ಸಮಯ ಬೇಕು. ಒಂದು ಹಣ್ಣು ತಿನ್ನುವಷ್ಟರಲ್ಲಿ ಹೊಟ್ಟೆಗೂ ಸ್ವಲ್ಪ ತುಂಬಿದ ಭಾವ ಬರುತ್ತದೆ.

ಅದೇ ಹಣ್ಣನ್ನು ಹಿಂಡಿ ಸೋಸಿದಾಗ ಈ ಗೋಡೆ ಒಡೆದುಹೋಗುತ್ತದೆ, ನಾರು ಜಾಲರಿಯಲ್ಲಿ ಉಳಿಯುತ್ತದೆ. 200 ಮಿಲಿಲೀಟರ್ ಕಿತ್ತಳೆ ರಸದಲ್ಲಿ ಸುಮಾರು 17ರಿಂದ 20 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಸರಿಸುಮಾರು ನಾಲ್ಕು ಚಮಚ. ಎರಡು–ಮೂರು ಹಣ್ಣುಗಳನ್ನು ಕೂತು ತಿನ್ನಲು ಹತ್ತು ಹದಿನೈದು ನಿಮಿಷ ಬೇಕು. ರಸ ಕುಡಿಯಲು ಒಂದು ನಿಮಿಷವೂ ಬೇಡ. ದ್ರವ ಜಠರದಿಂದ ಬೇಗ ಕರುಳಿಗಿಳಿಯುವುದರಿಂದ ರಕ್ತದಲ್ಲಿ ಗ್ಲೂಕೋಸ್ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಏರುತ್ತದೆ.

ಈ ಕಾರಣಕ್ಕೇ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನು ಜೇನುತುಪ್ಪ ಮತ್ತು ಟೇಬಲ್ ಸಕ್ಕರೆಯ ಜೊತೆಗೇ ಸೇರಿಸಿದೆ. ಇಡೀ ಹಣ್ಣಿನ ಸಕ್ಕರೆಯನ್ನು ಈ ಪಟ್ಟಿಯಿಂದ ಹೊರಗಿಟ್ಟಿದೆ. ಇಂಥ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂಬುದು ಅದರ ಸಲಹೆ. 2,000 ಕ್ಯಾಲರಿ ಆಹಾರ ತೆಗೆದುಕೊಳ್ಳುವವರಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ.

2013ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸುಮಾರು 1.87 ಲಕ್ಷ ಆರೋಗ್ಯ ಕಾರ್ಯಕರ್ತರ ಆಹಾರವನ್ನು ದೀರ್ಘಕಾಲ ಗಮನಿಸಿತ್ತು. ದ್ರಾಕ್ಷಿ, ಸೇಬು, ಬ್ಲೂಬೆರಿಯಂಥ ಇಡೀ ಹಣ್ಣು ತಿನ್ನುವವರಲ್ಲಿ ಟೈಪ್ 2 ಮಧುಮೇಹ ಬರುವ ಸಾಧ್ಯತೆ ಕಡಿಮೆ ಕಂಡುಬಂದರೆ, ಹಣ್ಣಿನ ರಸ ಹೆಚ್ಚು ಕುಡಿಯುವವರಲ್ಲಿ ಹೆಚ್ಚು ಕಂಡುಬಂತು. ಇದು ಮಧುಮೇಹ ಇನ್ನೂ ಬಾರದವರ ಅಧ್ಯಯನ. ರಸದಿಂದಲೇ ಮಧುಮೇಹ ಬಂತು ಎಂದು ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ. ಆದರೆ ಹಣ್ಣು ಮತ್ತು ಅದರ ರಸ ಒಂದೇ ಅಲ್ಲ ಎಂಬುದಕ್ಕೆ ಇದು ಬಲವಾದ ಸೂಚನೆ.

ಅಂಗಡಿಯ ಜ್ಯೂಸ್‌ನಲ್ಲಿ ಇನ್ನೂ ಒಂದು ಲೆಕ್ಕ ಸೇರುತ್ತದೆ. ಕೇಳದಿದ್ದರೂ ಸಕ್ಕರೆಯೋ ಪಾಕವೋ ಬೀಳುತ್ತದೆ. 'ಸಕ್ಕರೆ ಹಾಕಬೇಡಿ' ಎಂದು ಮಿಕ್ಸರ್ ತಿರುಗುವ ಮೊದಲೇ ಹೇಳಬೇಕು. ಕಬ್ಬಿನ ಹಾಲಿನಲ್ಲಂತೂ ಹಾಕುವ ಅಗತ್ಯವೇ ಇಲ್ಲ. ಸಕ್ಕರೆ ಅಂಶ ಶೇ 13 ಎಂದಿಟ್ಟುಕೊಂಡರೂ 250 ಮಿಲಿಲೀಟರ್ ಲೋಟದಲ್ಲಿ 30 ಗ್ರಾಂ ದಾಟುತ್ತದೆ.

ಪ್ಯಾಕೆಟ್ ಜ್ಯೂಸ್ ಕೊಳ್ಳುವವರು 'ನೋ ಆ್ಯಡೆಡ್ ಶುಗರ್' ಎಂಬ ದೊಡ್ಡ ಅಕ್ಷರಗಳನ್ನು ನೋಡಿ ನಿರಾಳರಾಗಬಾರದು. ಅದರ ಅರ್ಥ ಹೊರಗಿನಿಂದ ಸಕ್ಕರೆ ಸೇರಿಸಿಲ್ಲ ಎಂದಷ್ಟೇ. ಹಣ್ಣಿನದೇ ಸಕ್ಕರೆ ಪೂರ್ತಿ ಇರುತ್ತದೆ. ಹಿಂಬದಿಯ ಪೋಷಕಾಂಶ ಪಟ್ಟಿಯಲ್ಲಿ 'ಟೋಟಲ್ ಶುಗರ್ಸ್' ಎಂಬ ಸಾಲು ಓದಬೇಕು. ಆ ಅಂಕಿ 100 ಮಿಲಿಲೀಟರ್‌ಗೋ ಇಡೀ ಪ್ಯಾಕೆಟ್‌ಗೋ ಎಂಬುದನ್ನೂ ನೋಡಬೇಕು. ಸಾಂದ್ರೀಕರಿಸಿದ ರಸಕ್ಕೆ ಮತ್ತೆ ನೀರು ಬೆರೆಸಿ ಮಾಡಿದ ಪಾನೀಯಗಳ ಮೇಲೆ 'ಶೇ 100 ಹಣ್ಣಿನ ರಸ' ಎಂದು ಬರೆಯುವಂತಿಲ್ಲ ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2024ರ ಜೂನ್‌ನಲ್ಲಿ ಕಂಪನಿಗಳಿಗೆ ಸೂಚಿಸಿತ್ತು.

ಕೃತಕ ಸಿಹಿಕಾರಕ: ಶುಗರ್ ಏರಿಸದು, ಆದರೆ ಇಳಿಸುವ ಔಷಧವೂ ಅಲ್ಲ

ಮಾತ್ರೆ, ಪುಡಿ, ಹನಿ ರೂಪದಲ್ಲಿ ಸಿಗುವ ಸಿಹಿಕಾರಕಗಳಲ್ಲಿ ಮುಖ್ಯವಾದವು ಆಸ್ಪರ್ಟೇಮ್, ಸುಕ್ರಲೋಸ್, ಸ್ಯಾಕರಿನ್ ಮತ್ತು ಗಿಡದಿಂದ ತೆಗೆಯುವ ಸ್ಟೀವಿಯಾ. ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು, ಸುಕ್ರಲೋಸ್ ಸುಮಾರು 600 ಪಟ್ಟು ಸಿಹಿ. ಹೀಗಾಗಿ ಒಂದು ಚಮಚ ಸಕ್ಕರೆಯ ಸಿಹಿ ಬರಲು ಕೆಲವೇ ಮಿಲಿಗ್ರಾಂ ಸಾಕು. ಅಷ್ಟರಿಂದ ರಕ್ತದ ಗ್ಲೂಕೋಸ್ ನೇರವಾಗಿ ಏರುವುದಿಲ್ಲ. ಬೆಲ್ಲ ಮತ್ತು ಜ್ಯೂಸ್‌ಗೂ ಇವುಗಳಿಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಹಾಗಾದರೆ ಸಕ್ಕರೆ ಬದಲು ಇದನ್ನು ಹಾಕಿಕೊಂಡರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇಳಿಯಬೇಕಲ್ಲವೇ? ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಇದನ್ನೇ ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ಟೈಪ್ 2 ಮಧುಮೇಹ ಇರುವ 179 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು ಚಹಾ–ಕಾಫಿಗೆ ಹಾಕುವ ಸಕ್ಕರೆಯ ಬದಲು 12 ವಾರ ಸುಕ್ರಲೋಸ್ ಬಳಸಿದರು. ಇನ್ನೊಂದು ಗುಂಪಿನವರು ಸಕ್ಕರೆಯನ್ನೇ ಮುಂದುವರಿಸಿದರು. ಕೊನೆಗೆ ಎಚ್‌ಬಿಎ1ಸಿಯಲ್ಲಿ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಸುಕ್ರಲೋಸ್ ಗುಂಪಿನಲ್ಲಿ ತೂಕ, ಸೊಂಟದ ಸುತ್ತಳತೆ ಅಲ್ಪ ಪ್ರಮಾಣದಲ್ಲಿ ಇಳಿದಿತ್ತು.

ಈ ಫಲಿತಾಂಶವನ್ನು ಎರಡು ರೀತಿ ಓದಬೇಕು. ಒಂದು, ಮಿತವಾಗಿ ಬಳಸಿದ ಸಿಹಿಕಾರಕದಿಂದ ಆ ಅವಧಿಯಲ್ಲಿ ಶುಗರ್ ನಿಯಂತ್ರಣ ಕೆಡಲಿಲ್ಲ. ಎರಡು, ಕಾಫಿಯ ಸಕ್ಕರೆಯೊಂದನ್ನೇ ಬದಲಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗಲಿಲ್ಲ. ಒಂದು ಕಪ್ ಅನ್ನದಲ್ಲೇ ಸುಮಾರು 40 ಗ್ರಾಂ ಕಾರ್ಬೋಹೈಡ್ರೇಟ್ ಇರುವಾಗ, ತಟ್ಟೆ ಬದಲಾಗದೆ ಲೋಟ ಮಾತ್ರ ಬದಲಾದರೆ ಇಷ್ಟೇ ಸಾಧ್ಯ.

ಸುರಕ್ಷತೆಯ ಬಗ್ಗೆ 2023ರಲ್ಲಿ ಎರಡು ಸುದ್ದಿಗಳು ಬಂದವು. ಎರಡೂ ವಾಟ್ಸ್‌ಆ್ಯಪ್‌ನಲ್ಲಿ ಅರ್ಧಂಬರ್ಧವಾಗಿ ಹರಿದಾಡಿದವು.

ಮೊದಲನೆಯದು ಮೇ ತಿಂಗಳಿನದು. ತೂಕ ನಿಯಂತ್ರಣಕ್ಕಾಗಿ ಸಕ್ಕರೆರಹಿತ ಸಿಹಿಕಾರಕಗಳನ್ನು ಬಳಸಬೇಡಿ ಎಂದು ಡಬ್ಲ್ಯುಎಚ್‌ಒ ಮಾರ್ಗಸೂಚಿ ಹೊರಡಿಸಿತು. ದೀರ್ಘಕಾಲ ಬಳಸುವವರಲ್ಲಿ ಟೈಪ್ 2 ಮಧುಮೇಹ ಮತ್ತು ಹೃದ್ರೋಗದ ಸಾಧ್ಯತೆ ಹೆಚ್ಚಿರುವುದು ಗಮನಾಧಾರಿತ ಅಧ್ಯಯನಗಳಲ್ಲಿ ಕಂಡಿದ್ದೇ ಇದಕ್ಕೆ ಕಾರಣ. ಈಗಾಗಲೇ ತೂಕ ಹೆಚ್ಚಿರುವವರೇ ಇವುಗಳನ್ನು ಹೆಚ್ಚು ಬಳಸುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ. ಹಾಗಾಗಿ ಡಬ್ಲ್ಯುಎಚ್‌ಒ ಇದನ್ನು ಷರತ್ತಿನ ಶಿಫಾರಸು ಎಂದಿತು. ಈಗಾಗಲೇ ಮಧುಮೇಹ ಇರುವವರಿಗೆ ಈ ಶಿಫಾರಸು ಅನ್ವಯಿಸುವುದಿಲ್ಲ ಎಂದೂ ಸ್ಪಷ್ಟಪಡಿಸಿತು. ಫಾರ್ವರ್ಡ್ ಆದ ಸಂದೇಶಗಳಲ್ಲಿ ಬಿಟ್ಟುಹೋದದ್ದು ಈ ಸಾಲೇ.

ಎರಡನೆಯದು ಜುಲೈನದು. ಡಬ್ಲ್ಯುಎಚ್‌ಒನ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆಸ್ಪರ್ಟೇಮ್ ಅನ್ನು 'ಕ್ಯಾನ್ಸರ್‌ಕಾರಕ ಆಗಿರಬಹುದು' ಎಂಬ 2ಬಿ ಗುಂಪಿಗೆ ಸೇರಿಸಿತು. ಈ ಗುಂಪು ಸೀಮಿತ ಪುರಾವೆ ಇರುವ ವಸ್ತುಗಳದ್ದು, ಎಷ್ಟು ತಿಂದರೆ ಎಷ್ಟು ಅಪಾಯ ಎಂದು ಅದು ಹೇಳುವುದಿಲ್ಲ. ಅದೇ ದಿನ ಆಹಾರ ಸೇರ್ಪಡೆಗಳ ತಜ್ಞ ಸಮಿತಿ ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. 60 ಕೆ.ಜಿ. ತೂಕದವರಿಗೆ ಇದು 2,400 ಮಿಲಿಗ್ರಾಂ. ಒಂದು ಚಮಚ ಸಕ್ಕರೆಯ ಸಿಹಿಗೆ ಬೇಕಾಗುವ ಆಸ್ಪರ್ಟೇಮ್ 20–25 ಮಿಲಿಗ್ರಾಂ. ದಿನಕ್ಕೆ ಮೂರು ಕಪ್ ಕಾಫಿಗೆ ಮಾತ್ರೆ ಹಾಕಿಕೊಳ್ಳುವವರು ಆ ಮಿತಿಯಿಂದ ಬಹಳ ದೂರವಿರುತ್ತಾರೆ. ಫಿನೈಲ್‌ಕೀಟೋನೂರಿಯಾ ಎಂಬ ಅಪರೂಪದ ಹುಟ್ಟು ಕಾಯಿಲೆ ಇರುವವರು ಮಾತ್ರ ಆಸ್ಪರ್ಟೇಮ್ ಮುಟ್ಟುವಂತಿಲ್ಲ. ಗರ್ಭಿಣಿಯರು ಯಾವುದೇ ಸಿಹಿಕಾರಕ ಬಳಸುವ ಮೊದಲು ವೈದ್ಯರನ್ನು ಕೇಳಬೇಕು.

ಅಡುಗೆಯಲ್ಲಿ ಒಂದು ಎಚ್ಚರ ಬೇಕು. ಆಸ್ಪರ್ಟೇಮ್ ಬಿಸಿಗೆ ಒಡೆದು ಸಿಹಿ ಕಳೆದುಕೊಳ್ಳುತ್ತದೆ, ಹೀಗಾಗಿ ಅದನ್ನು ಕುದಿಸುವ ಪದಾರ್ಥಕ್ಕೆ ಹಾಕಿದರೆ ಪ್ರಯೋಜನವಿಲ್ಲ. ಸುಕ್ರಲೋಸ್ ಬಿಸಿ ತಡೆಯುತ್ತದೆ ಎನ್ನುತ್ತಾರೆ. ಆದರೆ 120 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸಿದಾಗ ಹಾನಿಕರ ಕ್ಲೋರಿನ್ ಸಂಯುಕ್ತಗಳು ಉಂಟಾಗಬಹುದು ಎಂದು ಜರ್ಮನಿಯ ಸರ್ಕಾರಿ ಅಪಾಯ ಮೌಲ್ಯಮಾಪನ ಸಂಸ್ಥೆ 2019ರಲ್ಲಿ ಎಚ್ಚರಿಸಿತ್ತು. ಪಾಯಸಕ್ಕೆ ಹಾಕುವುದಾದರೆ ಒಲೆ ಆರಿಸಿದ ಮೇಲೆ ಹಾಕಿ. ಕರಿಯುವ, ಬೇಕ್ ಮಾಡುವ ತಿಂಡಿಗೆ ಬೇಡ.

'ಶುಗರ್‌ಫ್ರೀ' ಮಿಠಾಯಿಯ ಒಳಗುಟ್ಟು

ನಿಯಮದ ಪ್ರಕಾರ 100 ಗ್ರಾಂನಲ್ಲಿ 0.5 ಗ್ರಾಂಗಿಂತ ಹೆಚ್ಚು ಸಕ್ಕರೆ ಇಲ್ಲದಿದ್ದರೆ ಮಾತ್ರ ಪ್ಯಾಕೆಟ್ ಮೇಲೆ 'ಶುಗರ್‌ಫ್ರೀ' ಎಂದು ಬರೆಯಬಹುದು. ಆದರೆ ಶುಗರ್‌ಫ್ರೀ ಬಿಸ್ಕತ್ತಿನಲ್ಲಿ ಮೈದಾ ಇರುತ್ತದೆ, ಲಾಡುವಿನಲ್ಲಿ ಕಡಲೆಹಿಟ್ಟು, ತುಪ್ಪ ಇರುತ್ತದೆ. ಮೈದಾ ಜೀರ್ಣವಾದರೆ ಆಗುವುದೂ ಗ್ಲೂಕೋಸೇ. ಕೆಲವು ಚಾಕಲೇಟ್, ಬಿಸ್ಕತ್ತುಗಳಲ್ಲಿ ಮಾಲ್ಟಿಟಾಲ್ ಎಂಬ ಸಿಹಿ ಪದಾರ್ಥ ಹಾಕುತ್ತಾರೆ. ಅದು ಸಕ್ಕರೆಯಷ್ಟಲ್ಲದಿದ್ದರೂ ಶುಗರ್ ಏರಿಸುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ.

ಮಿಠಾಯಿ ಅಂಗಡಿಯ ಖರ್ಜೂರ–ಅಂಜೂರ ಬರ್ಫಿಗೆ ಸಕ್ಕರೆ ಹಾಕಿರುವುದಿಲ್ಲ, ನಿಜ. ಆದರೆ ಒಣ ಖರ್ಜೂರದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆಯೇ. 'ಇದು ಶುಗರ್‌ಫ್ರೀ' ಎಂದು ನಾಲ್ಕು ತುಂಡು ತಿಂದವರಿಗಿಂತ, ಮನೆಯ ಹೋಳಿಗೆಯಲ್ಲಿ ಅರ್ಧ ತಿಂದು ಆ ಹೊತ್ತಿನ ಅನ್ನ ಕಡಿಮೆ ಮಾಡಿದವರ ಶುಗರ್ ಕಡಿಮೆ ಏರುವುದರಲ್ಲಿ ಆಶ್ಚರ್ಯವಿಲ್ಲ.

ಒಂದು ದಿನದ ಲೆಕ್ಕ ಹೀಗಿದೆ

ಉದಾಹರಣೆಗೆ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿರುವ, 62 ವರ್ಷದ ನಿವೃತ್ತ ನೌಕರರೊಬ್ಬರನ್ನು ಕಲ್ಪಿಸಿಕೊಳ್ಳಿ. ದಿನಕ್ಕೆ ಮೂರು ಕಾಫಿ. ಮೊದಲು ಪ್ರತಿ ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದರು. ಚಮಚಕ್ಕೆ 5 ಗ್ರಾಂನಂತೆ ದಿನಕ್ಕೆ 30 ಗ್ರಾಂ.

ಈಗ ಅಷ್ಟೇ ಬೆಲ್ಲದ ಪುಡಿ ಹಾಕಿದರೆ ದೇಹಕ್ಕೆ ಸೇರುವ ಸಕ್ಕರೆ ಸುಮಾರು 25.5 ಗ್ರಾಂ. ಉಳಿದದ್ದು ನೀರಿನಂಶ, ಖನಿಜ ಇತ್ಯಾದಿ. ಅಂದರೆ ಉಳಿತಾಯ ಒಂದು ಚಮಚಕ್ಕಿಂತ ಕಡಿಮೆ. ಆದರೆ ಸಿಹಿ ಸಾಲದೆಂದು ಪ್ರತಿ ಲೋಟಕ್ಕೆ ಅರ್ಧ ಚಮಚ ಹೆಚ್ಚು ಹಾಕಿಕೊಂಡರೆ ದಿನದ ಬೆಲ್ಲ 37.5 ಗ್ರಾಂ ಆಗುತ್ತದೆ. ಅದರಿಂದ ಬರುವ ಸಕ್ಕರೆ ಸುಮಾರು 32 ಗ್ರಾಂ, ಮೊದಲಿಗಿಂತ ಹೆಚ್ಚು!

ಇದರ ಮೇಲೆ ವಾಕಿಂಗ್ ನಂತರದ 200 ಮಿಲಿಲೀಟರ್ ಜ್ಯೂಸ್‌ನಿಂದ 18 ಗ್ರಾಂ, ಅಂಗಡಿಯವ ಹಾಕಿದ ಎರಡು ಚಮಚ ಸಕ್ಕರೆಯಿಂದ 10 ಗ್ರಾಂ. ಒಟ್ಟು 60 ಗ್ರಾಂ. 'ಸಕ್ಕರೆ ಬಿಟ್ಟೆ' ಎಂದುಕೊಂಡವರ ದಿನದ ಸಕ್ಕರೆ 30ರಿಂದ 60ಕ್ಕೆ ಏರಿತು.

ಅವರೇ ಬೆಳಗಿನ ಒಂದು ಕಾಫಿಗೆ ಮಾತ್ರ ಒಂದು ಚಮಚ ಬೆಲ್ಲ ಉಳಿಸಿಕೊಂಡು, ಉಳಿದೆರಡಕ್ಕೆ ಸಿಹಿಕಾರಕದ ಮಾತ್ರೆ ಹಾಕಿ, ಜ್ಯೂಸ್ ಬದಲು ಒಂದು ಕಿತ್ತಳೆ ಹಣ್ಣು ತಿಂದರೆ? ಬೆಲ್ಲದಿಂದ ಸುಮಾರು 4 ಗ್ರಾಂ. ಹಣ್ಣಿನ 10–12 ಗ್ರಾಂ ಸಕ್ಕರೆ ನಾರಿನ ಜೊತೆಗೆ ನಿಧಾನವಾಗಿ ಬರುತ್ತದೆ. ಅವರು ಬಿಟ್ಟಿದ್ದು ಒಂದು ಲೋಟ ಜ್ಯೂಸ್ ಮತ್ತು ಕೆಲವು ಚಮಚ ಬೆಲ್ಲ ಮಾತ್ರ, ಕಾಫಿಯನ್ನಲ್ಲ.

ಮನೆಯಲ್ಲೇ ತಿಳಿಯುವುದು ಹೇಗೆ?

ಇಲ್ಲಿ ಬಹಳ ಜನ ಎಡವುತ್ತಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡುವ ಶುಗರ್ ಹಿಂದಿನ ದಿನ ಸಂಜೆ ಕುಡಿದ ಜ್ಯೂಸ್‌ನ ಏರಿಳಿತವನ್ನು ತೋರಿಸುವುದಿಲ್ಲ. ಊಟವಾಗಿ ಎರಡು ಗಂಟೆಯ ನಂತರದ ಪರೀಕ್ಷೆಯೂ ಕೆಲವೊಮ್ಮೆ ಸಾಲದು. ಜ್ಯೂಸ್ ಅಥವಾ ಬೆಲ್ಲದ ಕಾಫಿಯಿಂದ ಬರುವ ಏರಿಕೆ ಅಷ್ಟರೊಳಗೆ ತುದಿ ಮುಟ್ಟಿ ಇಳಿಯಲು ಶುರುವಾಗಿರಬಹುದು. ಅದನ್ನು ಹಿಡಿಯಬೇಕಾದರೆ ಕುಡಿಯುವ ಮೊದಲು ಒಮ್ಮೆ, ಒಂದು ಗಂಟೆಗೆ ಒಮ್ಮೆ, ಎರಡು ಗಂಟೆಗೆ ಒಮ್ಮೆ ಗ್ಲೂಕೋಮೀಟರ್‌ನಲ್ಲಿ ನೋಡಬೇಕು.

ಹೋಲಿಕೆಗೆ ಉಳಿದದ್ದೆಲ್ಲ ಒಂದೇ ಇರಬೇಕು. ಒಂದು ದಿನ ಎರಡು ಇಡ್ಲಿಯ ಜೊತೆ ಬೆಲ್ಲದ ಕಾಫಿ, ಇನ್ನೊಂದು ದಿನ ಅದೇ ಹೊತ್ತಿಗೆ ಅದೇ ಎರಡು ಇಡ್ಲಿಯ ಜೊತೆ ಸಿಹಿ ಇಲ್ಲದ ಕಾಫಿ. ಮಾತ್ರೆ, ನಡಿಗೆ ಬದಲಾಗಬಾರದು. ಒಂದೇ ದಿನದ ಅಂಕಿ ನಂಬದೆ ಎರಡು–ಮೂರು ಸಲ ನೋಡಿ. ಮನೆಯ ಮೀಟರ್‌ಗೆ ಶೇ 15ರವರೆಗೆ ಹೆಚ್ಚುಕಡಿಮೆ ತೋರಿಸಲು ಅಂತರರಾಷ್ಟ್ರೀಯ ಮಾನದಂಡದಲ್ಲೇ ಅವಕಾಶವಿದೆ. ಆದ್ದರಿಂದ 165 ಮತ್ತು 175ರ ನಡುವಿನ ವ್ಯತ್ಯಾಸಕ್ಕೆ ಅರ್ಥವಿಲ್ಲ. 150 ಇದ್ದದ್ದು ಪ್ರತಿ ಸಲ 210ಕ್ಕೆ ಹೋಗುತ್ತಿದ್ದರೆ ಅರ್ಥವಿದೆ.

ಇನ್ನೊಂದು ಚಿಕ್ಕ ವಿಷಯ. ಹಣ್ಣು ಬಿಡಿಸಿದ ಅಥವಾ ಬೆಲ್ಲ ಮುಟ್ಟಿದ ಬೆರಳನ್ನು ಹಾಗೇ ಚುಚ್ಚಿದರೆ ಮೀಟರ್ ಸುಳ್ಳು ಏರಿಕೆ ತೋರಿಸುತ್ತದೆ. ಚರ್ಮಕ್ಕೆ ಅಂಟಿದ ಸಕ್ಕರೆ ರಕ್ತದ ಹನಿಯಲ್ಲಿ ಬೆರೆಯುವುದೇ ಕಾರಣ. ಸ್ಪಿರಿಟ್ ಹಚ್ಚಿದರೆ ಸಾಲದು, ಕೈಯನ್ನು ನೀರಿನಲ್ಲಿ ತೊಳೆದು ಒರೆಸಿಕೊಂಡು ಚುಚ್ಚಬೇಕು.

ಶುಗರ್ ಕುಸಿದಾಗ ಲೆಕ್ಕ ತಲೆಕೆಳಗು

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಡವಾದರೆ ಶುಗರ್ 70 ಎಂಜಿ/ಡಿಎಲ್‌ಗಿಂತ ಕೆಳಗಿಳಿಯಬಹುದು. ಕೈ ನಡುಕ, ಬೆವರು, ಎದೆ ಬಡಿತ, ವಿಪರೀತ ಹಸಿವು, ಮಾತು ತೊದಲುವುದು ಇದರ ಲಕ್ಷಣಗಳು. ಇಷ್ಟು ಹೊತ್ತು ದೂರವಿಡಿ ಎಂದ ಜ್ಯೂಸ್ ಈ ಹೊತ್ತಿನಲ್ಲಿ ಮದ್ದಾಗುತ್ತದೆ. ಬೇಗ ರಕ್ತ ಸೇರುವ ಗುಣವೇ ಇಲ್ಲಿ ಬೇಕಾಗಿರುವುದು.

ಮಾಡಬೇಕಾದ್ದು ಇಷ್ಟು: 15 ಗ್ರಾಂ ಸಕ್ಕರೆ ಕೊಡಬೇಕು. ಅಂದರೆ ಸುಮಾರು 150 ಮಿಲಿಲೀಟರ್ ಹಣ್ಣಿನ ರಸ, ಅಥವಾ ನೀರಿನಲ್ಲಿ ಕರಗಿಸಿದ ಮೂರು ಚಮಚ ಸಕ್ಕರೆ ಇಲ್ಲವೇ ಗ್ಲೂಕೋಸ್ ಪುಡಿ. ಬೆಲ್ಲವೇ ಕೈಗೆ ಸಿಕ್ಕಿದರೆ ಪುಡಿ ಮಾಡಿ ನೀರಿನಲ್ಲಿ ಕದಡಿ ಕೊಡಿ, ಗಟ್ಟಿ ತುಂಡು ಅಗಿಯುತ್ತಾ ಕೂರುವುದು ಬೇಡ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. 70ಕ್ಕಿಂತ ಕಡಿಮೆಯೇ ಇದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. ಸರಿಹೋದ ಮೇಲೆ ಊಟ ಅಥವಾ ತಿಂಡಿ ಮಾಡಿಸಿ.

ಇಲ್ಲಿ ಮೂರು ತಪ್ಪುಗಳು ಜೀವಕ್ಕೆ ಮುಳುವಾಗಬಹುದು. ಒಂದು, ಮನೆಯಲ್ಲಿ ಸಕ್ಕರೆ ಇಲ್ಲವೆಂದು ಸಿಹಿಕಾರಕ ಹಾಕಿದ ಪಾನಕ ಅಥವಾ ಡಯಟ್ ಕೋಲಾ ಕೊಡುವುದು. ಬಾಯಿಗೆ ಸಿಹಿ ಅನಿಸಿದರೂ ರಕ್ತಕ್ಕೆ ಗ್ಲೂಕೋಸ್ ಸೇರುವುದಿಲ್ಲ, ಅಮೂಲ್ಯ ಸಮಯ ಹೋಗುತ್ತದೆ. ಎರಡು, ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ, ಬೆಲ್ಲ ಕೊಡುವುದು. ಸುಕ್ರೋಸ್ ಒಡೆಯುವ ಕಿಣ್ವವನ್ನೇ ಈ ಮಾತ್ರೆಗಳು ತಡೆಯುವುದರಿಂದ ಬೆಲ್ಲದ ನೀರು ತಡವಾಗಿ ಕೆಲಸ ಮಾಡುತ್ತದೆ. ಇವರಿಗೆ ಔಷಧ ಅಂಗಡಿಯ ಗ್ಲೂಕೋಸ್ ಪುಡಿಯೇ ಬೇಕು, ಅದರ ಪೊಟ್ಟಣ ಸದಾ ಜೊತೆಗಿರಲಿ. ಮೂರು, ಪ್ರಜ್ಞೆ ತಪ್ಪಿದವರ ಬಾಯಿಗೆ ಜ್ಯೂಸ್ ಸುರಿಯುವುದು. ಅದು ಶ್ವಾಸಕೋಶ ಸೇರಬಹುದು. ಒಂದು ಬದಿಗೆ ಮಲಗಿಸಿ ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಿ.

ಸಕ್ಕರೆ ಡಬ್ಬವನ್ನು ಮನೆಯಿಂದಲೇ ಹೊರಹಾಕಿದವರು ಇದೊಂದು ಕಾರಣಕ್ಕೆ ಗ್ಲೂಕೋಸ್ ಪುಡಿಯನ್ನಾದರೂ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಟ್ಟಿರಬೇಕು.

ಕೊನೆಗೆ ಆರಿಸುವುದು ಯಾವುದನ್ನು?

ದಿನನಿತ್ಯದ ಕಾಫಿ–ಚಹಾಕ್ಕೆ ಸಿಹಿ ಬಿಡಲು ಆಗದವರಿಗೆ ಮಿತಿಯಲ್ಲಿ ಸಿಹಿಕಾರಕ ಬೆಲ್ಲಕ್ಕಿಂತ ವಾಸಿ. ಆದರೆ ಅದನ್ನು ಸಿಹಿ ಕಡಿಮೆ ಮಾಡಿಕೊಳ್ಳುವ ಮೆಟ್ಟಿಲಾಗಿ ನೋಡುವುದು ಒಳ್ಳೆಯದು. ಎರಡು ಮಾತ್ರೆಯಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ ಬಂದರೆ ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ.

ಬೆಲ್ಲವನ್ನು ಸಕ್ಕರೆಯೆಂದೇ ಲೆಕ್ಕ ಹಾಕಿ. ಸಾರಿಗೆ, ಗೊಜ್ಜಿಗೆ ಹಾಕುವ ಚೂರು ಬೆಲ್ಲ ನಾಲ್ಕಾರು ಜನರಿಗೆ ಹಂಚಿಹೋಗುವುದರಿಂದ ಅದಕ್ಕೆ ಹೆದರಬೇಕಿಲ್ಲ. ಹಬ್ಬದ ಹೋಳಿಗೆಗೆ ಅಳತೆ ಇರಲಿ, ಆ ಹೊತ್ತಿನ ಅನ್ನ, ಚಪಾತಿ ಕಡಿಮೆಯಾಗಲಿ.

ಹಣ್ಣನ್ನು ತಿನ್ನಿ, ಕುಡಿಯಬೇಡಿ. ಜ್ಯೂಸ್ ಇರಲಿ, ಆದರೆ ಶುಗರ್ ಕುಸಿದ ಹೊತ್ತಿಗೆ ಇರಲಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಕಿತ್ತಳೆ ರಸ, ಎಳನೀರಿನಲ್ಲಿರುವ ಪೊಟ್ಯಾಸಿಯಂ ಕೂಡ ಅಪಾಯ ತರಬಹುದು. ಅಂಥವರು ಕುಸಿತಕ್ಕೂ ಗ್ಲೂಕೋಸ್ ಪುಡಿಯನ್ನೇ ಬಳಸುವುದು ಸೂಕ್ತ.

(ಗಮನಿಸಿ: ಇದು ಸಾಮಾನ್ಯ ಮಾಹಿತಿಗಾಗಿ ಬರೆದ ಲೇಖನ. ಸಿಹಿ ಕಡಿಮೆ ಮಾಡಿದಾಗ ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಅದನ್ನು ನಿಮ್ಮ ವೈದ್ಯರೇ ನಿರ್ಧರಿಸಬೇಕು.)